ಅಮ್ಮನಿಗೆ ತಿಂಗಳುಗಟ್ಟಲೆ ಐರನ್ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತಿಲ್ಲ, ಫೆರಿಟಿನ್ ನೋಡಿದರೆ ನಾರ್ಮಲ್

ಶ್ರುತಿ_ತಿಪಟೂರು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ರುಮಟಾಯ್ಡ್ ಸಂಧಿವಾತ ಇದೆ, ಹಳೆಯದು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಜೊತೆಗೆ ಫೋಲಿಕ್ ಆಸಿಡ್ ನಡೀತಿದೆ. ನೋವು ತಡೆಯಲಾಗದಿದ್ದಾಗ ಡೈಕ್ಲೋಫೆನಾಕ್ ತಗೊಳ್ಳುತ್ತಿದ್ದರು, ಈಚೆಗೆ ಅದು ಹೆಚ್ಚುಕಡಿಮೆ ದಿನದ ಮಾತಾಗಿದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಒಂದು ಗಂಟೆ ಬೇಕು. ಮೆಟ್ಟಿಲು ಹತ್ತಿದರೆ ಏದುಸಿರು.

ಆರೇಳು ತಿಂಗಳಿಂದ ದಿನಕ್ಕೆ ಎರಡು ಸಲ ಐರನ್ ಮಾತ್ರೆ ಕೊಡುತ್ತಿದ್ದೇವೆ. ಹಿಮೋಗ್ಲೋಬಿನ್ ಜಗ್ಗುತ್ತಿಲ್ಲ. ಈ ವಾರದ ರಿಪೋರ್ಟ್ ಹೀಗಿದೆ:

ಹಿಮೋಗ್ಲೋಬಿನ್ 9.1, ಎಂಸಿವಿ 77, ಸೀರಮ್ ಐರನ್ 24, ಟಿಐಬಿಸಿ 268, ಫೆರಿಟಿನ್ 88, ಸಿಆರ್‌ಪಿ 46.

ಫೆರಿಟಿನ್ ನಾರ್ಮಲ್ ಅಂತ ಲ್ಯಾಬ್‌ನವರು ಅಚ್ಚು ಹಾಕಿದ್ದಾರೆ, ಐರನ್ ಎದುರಿಗೆ ಕೆಳಮುಖದ ಬಾಣ ಹಾಕಿದ್ದಾರೆ. ಐರನ್ ಇದೆಯೋ ಇಲ್ಲವೋ? ಮಾತ್ರೆ ಮುಂದುವರಿಸಬೇಕಾ, ಬಿಡಬೇಕಾ?

ಬೋರೇಗೌಡ_ಮದ್ದೂರು

ತಾಯಿ, ಈ ಮಾತ್ರೆಗಳೆಲ್ಲ ಹೊಟ್ಟೆ ಕೆಡಿಸೋವು. ರಾಗಿ ಮುದ್ದೆ, ನುಗ್ಗೆ ಸೊಪ್ಪಿನ ಸಾರು, ವಾರಕ್ಕೆ ಎರಡು ದಿನ ಈರುಳ್ಳಿ ಹಾಕಿ ಹುರಿದ ಲಿವರ್ ಕೊಡಿ. ಊಟ ಆದ ತಕ್ಷಣ ಕಾಫಿ ಬೇಡ. ಕಬ್ಬಿಣದ ಬಾಣಲೆಯಲ್ಲಿ ಪಲ್ಯ ಮಾಡಿ. ನಮ್ಮ ಮನೆಯವರಿಗೆ ಹೀಗೇ ಸರಿಹೋಯಿತು.

ಲ್ಯಾಬ್_ಪ್ರಕಾಶ

ಶ್ರುತಿ ಮೇಡಂ, ನಾನು ಲ್ಯಾಬ್‌ನಲ್ಲೇ ಕೆಲಸ ಮಾಡೋದು. ಫೆರಿಟಿನ್ ಅಂದರೆ ದೇಹದ ಐರನ್ ದಾಸ್ತಾನು. 88 ಇದೆ ಅಂದರೆ ದಾಸ್ತಾನು ತುಂಬಿದೆ. ಹಾಗಾಗಿ ಇದು ಐರನ್ ಕೊರತೆ ಅಲ್ಲ. ಬಿ12 ಮಾಡಿಸಿ ನೋಡಿ. ಮಾತ್ರೆ ಸುಮ್ನೆ ದಂಡ.

ಡಾ_ವಸುಧಾ

ಪ್ರಕಾಶ್ ಅವರು ಹೇಳಿದ್ದು ಅರ್ಧ ಸರಿ. ಆರೋಗ್ಯವಾಗಿರುವ ಮನುಷ್ಯನಲ್ಲಿ ರಕ್ತದ ಫೆರಿಟಿನ್ ದಾಸ್ತಾನಿನ ಒಳ್ಳೆಯ ಅಳತೆ. ಆದರೆ ದೇಹದಲ್ಲಿ ಉರಿಯೂತ ಇದ್ದಾಗ ದಾಸ್ತಾನು ಹೆಚ್ಚದಿದ್ದರೂ ಫೆರಿಟಿನ್ ಏರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡು ಗಡಿ ಇಟ್ಟಿತು. ಆರೋಗ್ಯವಂತ ವಯಸ್ಕರಿಗೆ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಸೋಂಕು, ಉರಿಯೂತ ಇದ್ದವರಿಗೆ 70ಕ್ಕಿಂತ ಕಡಿಮೆ ಇದ್ದರೇ ಕೊರತೆ. ಉರಿಯೂತದ ಅಳತೆಯಾದ ಸಿಆರ್‌ಪಿ 46 ಇರುವ ಈ ತಾಯಿಯ 88 ಆ ಗಡಿಗಿಂತ ಸ್ವಲ್ಪವೇ ಮೇಲಿದೆ, ಅದನ್ನು "ತುಂಬಿದೆ" ಅಂತ ಓದಲಾಗದು. ಬಿ12 ಕಡಿಮೆಯಾದರೆ ಸಾಮಾನ್ಯವಾಗಿ ಕಣ ದಪ್ಪಗಾಗುತ್ತದೆ. ಇಲ್ಲಿ ಎಂಸಿವಿ 77, ಕಣ ಸಣ್ಣದಾಗಿದೆ.

ಈಗ ಒಂದು ಲೆಕ್ಕ ಹಾಕಿ. ಸೀರಮ್ ಐರನ್ 24, ಅದನ್ನು ರಕ್ತ ಒಟ್ಟು ಹೊರಬಲ್ಲ ಐರನ್, ಅಂದರೆ ಟಿಐಬಿಸಿ 268ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 9. ರಕ್ತದಲ್ಲಿ ಐರನ್ ಹೊತ್ತು ತಿರುಗುವ ಪ್ರೋಟೀನ್ ಟ್ರಾನ್ಸ್‌ಫೆರಿನ್. ಅದರಲ್ಲಿ ನೂರಕ್ಕೆ 9 ಜಾಗ ಮಾತ್ರ ತುಂಬಿದೆ. 20ಕ್ಕಿಂತ ಕೆಳಗಿದ್ದರೆ ಮೂಳೆಮಜ್ಜೆಗೆ ಬೇಕಾದಷ್ಟು ಐರನ್ ತಲುಪುತ್ತಿಲ್ಲ ಎಂದೇ ನಾವು ನೋಡುವುದು.

ಅಂದರೆ ಮಜ್ಜೆ ಹಸಿದಿದೆ, ಇದು ಖಚಿತ. ದಾಸ್ತಾನು ಇದ್ದೂ ಹೊರಗೆ ಬರುತ್ತಿಲ್ಲವೋ, ಅಥವಾ ದಾಸ್ತಾನೂ ಕರಗಿದೆಯೋ, ಅದು ಇನ್ನೂ ಖಚಿತವಿಲ್ಲ. ಮೊದಲನೆಯದು ಇರುವುದಂತೂ ಬಹುಮಟ್ಟಿಗೆ ನಿಜ. ಮಾತ್ರೆ ಯಾಕೆ ಕೆಲಸ ಮಾಡುತ್ತಿಲ್ಲ ಅನ್ನುವುದಕ್ಕೂ ಅದರಲ್ಲೇ ಉತ್ತರವಿದೆ.

ಶ್ರುತಿ_ತಿಪಟೂರು

ಮೇಡಂ, ದಾಸ್ತಾನು ಇದ್ದೂ ಹೊರಗೆ ಬರುವುದಿಲ್ಲ ಅಂದರೆ ಹೇಗೆ? ಸ್ವಲ್ಪ ಬಿಡಿಸಿ ಹೇಳಿ. ಡಾಕ್ಟರ್ ಹತ್ತಿರ ಕೇಳೋಕೆ ಸಮಯ ಸಿಗಲ್ಲ.

ಡಾ_ವಸುಧಾ

ಹೇಳುತ್ತೇನೆ. ದೊಡ್ಡವರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಐರನ್ ಇರುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಕೆಂಪು ಕಣಗಳ ಹಿಮೋಗ್ಲೋಬಿನ್‌ನಲ್ಲೇ ಇದೆ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ದಿನಾ ಸಾಯುವ ಕಣಗಳ ಜಾಗಕ್ಕೆ ಹೊಸವು ಬರಬೇಕು. ಅದಕ್ಕೆ ಮಜ್ಜೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಐರನ್ ಕೇಳುತ್ತದೆ.

ಊಟದಿಂದ ಒಳಗೆ ಬರುವುದೆಷ್ಟು? ದಿನಕ್ಕೆ ಒಂದೋ ಎರಡೋ ಮಿಲಿಗ್ರಾಂ. ಉಳಿದದ್ದೆಲ್ಲ ಹಳೆಯ ಕಣಗಳಿಂದಲೇ ಬರಬೇಕು. ಗುಲ್ಮ ಮತ್ತು ಲಿವರ್‌ನಲ್ಲಿರುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಮುದಿ ಕಣಗಳನ್ನು ನುಂಗಿ, ಹಿಮೋಗ್ಲೋಬಿನ್ ಒಡೆದು, ಐರನ್ ಬಿಡಿಸಿ ಮತ್ತೆ ರಕ್ತಕ್ಕೆ ಬಿಡುತ್ತವೆ. ಟ್ರಾನ್ಸ್‌ಫೆರಿನ್ ಅದನ್ನು ಹೊತ್ತು ಮಜ್ಜೆಗೆ ಒಯ್ಯುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ರಕ್ತದ ಟ್ರಾನ್ಸ್‌ಫೆರಿನ್ ಮೇಲೆ ಇರುವುದು 3 ಮಿಲಿಗ್ರಾಂ ಆಸುಪಾಸು. ಆ ಮೂರೇ ದಿನಕ್ಕೆ ಹಲವು ಸಲ ಖಾಲಿಯಾಗಿ ತುಂಬುತ್ತಿರಬೇಕು.

ಮ್ಯಾಕ್ರೋಫೇಜ್‌ನಿಂದ ಐರನ್ ಆಚೆ ಬರಲು ಒಂದೇ ಬಾಗಿಲು. ಅದರ ಹೆಸರು ಫೆರೋಪೋರ್ಟಿನ್. ಸಣ್ಣ ಕರುಳಿನ ಮೊದಲ ಭಾಗದ ಜೀವಕೋಶಗಳಲ್ಲೂ, ಊಟದ ಐರನ್ ರಕ್ತಕ್ಕೆ ಇಳಿಯಲು ಇರುವುದು ಅದೇ ಬಾಗಿಲು. ಲಿವರ್ ಹೆಪ್ಸಿಡಿನ್ ಎಂಬ 25 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನ್ ತಯಾರಿಸುತ್ತದೆ. ಅದು ಹೋಗಿ ಫೆರೋಪೋರ್ಟಿನ್‌ಗೆ ಅಂಟಿಕೊಂಡರೆ ಜೀವಕೋಶ ಆ ಬಾಗಿಲನ್ನೇ ಒಳಕ್ಕೆ ಎಳೆದುಕೊಂಡು ಪುಡಿ ಮಾಡಿಬಿಡುತ್ತದೆ. ಇದನ್ನು 2004ರಲ್ಲಿ ಎಲಿಜಬೆತಾ ನೆಮೆತ್, ತೋಮಸ್ ಗಾಂಝ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಆಮೇಲೆ ಹೊಸ ಫೆರೋಪೋರ್ಟಿನ್ ತಯಾರಾಗುವ ತನಕ ಐರನ್ ಒಳಗೇ ಕೂತಿರುತ್ತದೆ.

ಸಂಧಿವಾತದಲ್ಲಿ ಉರಿಯೂತದ ಸಂದೇಶ ಒಯ್ಯುವ ಐಎಲ್-6 ಹೆಚ್ಚಾಗುತ್ತದೆ. ಲಿವರ್‌ಗೆ ಅದು ಮುಟ್ಟಿದ ಕೂಡಲೇ ಹೆಪ್ಸಿಡಿನ್ ಏರುತ್ತದೆ. ಸ್ವಯಂಸೇವಕರಿಗೆ ಐಎಲ್-6 ಡ್ರಿಪ್ ಹಾಕಿ ನೋಡಿದ್ದಾರೆ. ಕೆಲವೇ ಗಂಟೆಗಳಲ್ಲಿ ಅವರ ಸೀರಮ್ ಐರನ್ ಮೂರನೇ ಒಂದು ಭಾಗದಷ್ಟು ಇಳಿಯಿತು. ಸೋಂಕು ಬಂದಾಗ ಇದರಿಂದ ಉಪಯೋಗವಿದೆ, ಯಾಕೆಂದರೆ ಬ್ಯಾಕ್ಟೀರಿಯಾ ಬೆಳೆಯಲು ಐರನ್ ಬೇಕು. ಅದನ್ನು ರಕ್ತದಿಂದ ಮರೆಮಾಡಿದರೆ ಅವಕ್ಕೆ ಸಿಗದು. ಈ ತಾಯಿಗೆ ಸೋಂಕಿಲ್ಲ. ಆದರೂ ಸಂದೇಶ ವರ್ಷಗಟ್ಟಲೆ ಹೋಗುತ್ತಲೇ ಇದೆ.

ಬೋರೇಗೌಡ_ಮದ್ದೂರು

ಡಾಕ್ಟ್ರಮ್ಮ, ಹಾಗಾದರೆ ರಾಗಿ, ಸೊಪ್ಪು ತಿಂದು ಏನೂ ಉಪಯೋಗ ಇಲ್ವಾ?

ಡಾ_ವಸುಧಾ

ಉಪಯೋಗ ಇದೆ ಗೌಡರೇ, ನಿಮ್ಮ ಕಾಫಿಯ ಮಾತೂ ಸರಿ. ಕಾಫಿ, ಟೀಯಲ್ಲಿರುವ ಅಂಶಗಳು ಸಸ್ಯಾಹಾರದ ಐರನ್ನನ್ನು ಕರುಳಿನಲ್ಲೇ ಹಿಡಿದುಹಾಕುತ್ತವೆ. ರಾಗಿಯಲ್ಲೂ ಐರನ್ ಹಿಡಿದಿಡುವ ಫೈಟೇಟ್ ಇದೆ, ಮೊಳಕೆ ಕಟ್ಟಿದರೆ ಕಡಿಮೆಯಾಗುತ್ತದೆ. ಮೇಲೆ ನಿಂಬೆಹುಳಿ ಹಿಂಡಿದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯವರಿಗೆ ಉರಿಯೂತ ಇರಲಿಲ್ಲ, ಹೆಪ್ಸಿಡಿನ್ ಕಡಿಮೆ ಇತ್ತು, ತಿಂದದ್ದು ಒಳಗೆ ಹೋಯಿತು. ಶ್ರುತಿ ಅವರ ತಾಯಿಯಲ್ಲಿ ಐರನ್ ಕರುಳಿನ ಜೀವಕೋಶದೊಳಗೆ ಬಂದರೂ ರಕ್ತಕ್ಕೆ ಇಳಿಯುವ ದಾರಿ ಮುಚ್ಚಿದೆ. ಆ ಜೀವಕೋಶಗಳ ಆಯಸ್ಸು ಮೂರರಿಂದ ಐದು ದಿನ. ಅವು ಉದುರಿದಾಗ ಒಳಗಿದ್ದ ಐರನ್ ಮಲದಲ್ಲಿ ಹೋಗಿಬಿಡುತ್ತದೆ. ಮಾತ್ರೆಯದೂ ಇದೇ ಕಥೆ.

ನಯನಾ_ಕುಂದಾಪ್ರ

ನನಗೂ ಇದೇ ಸಮಸ್ಯೆ! ಹಿಮೋಗ್ಲೋಬಿನ್ 8.8, ಫೆರಿಟಿನ್ 6, ಟಿಐಬಿಸಿ 452. ನನ್ನ ಐರನ್ನೂ ಒಳಗೆ ಸಿಕ್ಕಿಹಾಕಿಕೊಂಡಿದೆ ಅನ್ನಿಸುತ್ತೆ. ಮುಟ್ಟಿನಲ್ಲಿ ಮೊದಲ ಮೂರು ದಿನ ಒಂದೊಂದು ಗಂಟೆಗೆ ಪ್ಯಾಡ್ ಬದಲಿಸಬೇಕು. ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತೆ ಅಂತ ಬಿಟ್ಟಿದ್ದೇನೆ.

ಡಾ_ವಸುಧಾ

ಇಲ್ಲ ನಯನಾ, ನಿಮ್ಮದು ಇದಕ್ಕೆ ಪೂರ್ತಿ ಉಲ್ಟಾ. ಫೆರಿಟಿನ್ 6 ಅಂದರೆ ದಾಸ್ತಾನು ಬರಿದು. ಕೊರತೆಯಾದಾಗ ಲಿವರ್ ಜಾಸ್ತಿ ಟ್ರಾನ್ಸ್‌ಫೆರಿನ್ ಮಾಡುತ್ತದೆ, ಹಾಗಾಗಿ ಟಿಐಬಿಸಿ 452ಕ್ಕೆ ಏರಿದೆ. ನಿಮ್ಮ ಹೆಪ್ಸಿಡಿನ್ ತಳ ಮುಟ್ಟಿರುತ್ತದೆ. ಕೊಟ್ಟರೆ ಎಳೆದುಕೊಳ್ಳಲು ಕರುಳು ತಯಾರಾಗಿದೆ. ದಯವಿಟ್ಟು ಮಾತ್ರೆ ಬಿಡಬೇಡಿ, ಸ್ತ್ರೀರೋಗ ತಜ್ಞರಿಗೂ ತೋರಿಸಿ. ಗಂಟೆಗೊಂದು ಪ್ಯಾಡ್ ಅನ್ನುವುದು ಸಹಜ ಸ್ರಾವ ಅಲ್ಲ.

ಹೊಟ್ಟೆ ತೊಳಸುವುದಕ್ಕೆ ಒಂದು ದಾರಿ ಇದೆ. ಒಂದು 60 ಮಿಲಿಗ್ರಾಂ ಮಾತ್ರೆ ನುಂಗಿದರೆ ಅದರಿಂದಲೇ ಹೆಪ್ಸಿಡಿನ್ ಏರುತ್ತದೆ, 24 ಗಂಟೆಯಾದರೂ ಇಳಿದಿರುವುದಿಲ್ಲ. ಸಂಜೆಯದೋ, ಮಾರನೇ ಬೆಳಗಿನದೋ ಮಾತ್ರೆ ನುಂಗುವ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಎರಡು ದಿನಕ್ಕೆ ಮತ್ತೆ ಇಳಿಯುತ್ತದೆ. ಜ್ಯೂರಿಕ್‌ನ ಸಂಶೋಧಕರು ಐರನ್ ಕಡಿಮೆಯಿದ್ದ ಹೆಂಗಸರಿಗೆ ಒಂದು ಗುಂಪಿಗೆ ದಿನಾ, ಇನ್ನೊಂದಕ್ಕೆ ದಿನ ಬಿಟ್ಟು ದಿನ ಕೊಟ್ಟು 2017ರಲ್ಲಿ ವರದಿ ಮಾಡಿದರು. ಅಷ್ಟೇ ಮಾತ್ರೆಗಳಿಂದ ದಿನ ಬಿಟ್ಟು ದಿನ ತಗೊಂಡವರು ಹೆಚ್ಚು ಐರನ್ ಹೀರಿಕೊಂಡರು. ಆ ಹೆಂಗಸರಲ್ಲಿ ರಕ್ತಹೀನತೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು. 8.8 ಇರುವ ನಿಮಗೆ ದಿನಾ ಕೊಟ್ಟರೆ ಬೇಗ ಏರಬಹುದು ಎನ್ನುವ ವೈದ್ಯರೂ ಇದ್ದಾರೆ. ಆದರೆ ತಡೆಯಲಾಗದೆ ಪೂರ್ತಿ ಬಿಡುವುದಕ್ಕಿಂತ ದಿನ ಬಿಟ್ಟು ದಿನ, ಬೆಳಿಗ್ಗೆ ಒಂದೇ ಮಾತ್ರೆ ಎಷ್ಟೋ ಮೇಲು. ಹೆಪ್ಸಿಡಿನ್ ಬೆಳಿಗ್ಗೆ ಕಡಿಮೆ ಇದ್ದು ದಿನ ಏರಿದಂತೆ ತಾನೂ ಏರುತ್ತದೆ. ಬಸುರಿಯರು ಮಾತ್ರ ತಾವಾಗಿ ಹೀಗೆ ಬದಲಿಸಬಾರದು, ಅವರಿಗೆ ಹೇಳಿದ ಹಾಗೆ ದಿನಾ ತಗೊಳ್ಳಲಿ.

ರಫೀಕ್_ಭಟ್ಕಳ

ಮೇಡಂ, ಒಂದು ಸಂಶಯ. ನನ್ನ ತಮ್ಮನಿಗೆ ಥಲಸ್ಸೀಮಿಯಾ ಇಂಟರ್‌ಮೀಡಿಯಾ. ಇಲ್ಲಿಯವರೆಗೆ ಒಂದು ಬಾಟಲಿ ರಕ್ತವೂ ಏರಿಸಿಲ್ಲ. ಆದರೂ ಫೆರಿಟಿನ್ 1,100 ದಾಟಿದೆ. ಐರನ್ ತುಂಬಿದಾಗ ಹೆಪ್ಸಿಡಿನ್ ಏರಿ ಬಾಗಿಲು ಮುಚ್ಚಬೇಕಲ್ವಾ?

ಡಾ_ವಸುಧಾ

ಒಳ್ಳೆಯ ಪ್ರಶ್ನೆ. ಲಿವರ್ ಒಬ್ಬರ ಮಾತು ಮಾತ್ರ ಕೇಳುವುದಿಲ್ಲ. ದಾಸ್ತಾನು "ಮುಚ್ಚು" ಅನ್ನುತ್ತದೆ. ಆದರೆ ಥಲಸ್ಸೀಮಿಯಾದಲ್ಲಿ ಮಜ್ಜೆ ಎಷ್ಟು ಕಣ ಮಾಡಿದರೂ ಅವು ಅಲ್ಲೇ ಹಾಳಾಗುತ್ತವೆ. ಹಾಗಾಗಿ ಮಜ್ಜೆ ಎರಿತ್ರೋಫೆರೋನ್ ಎಂಬ ಹಾರ್ಮೋನ್ ಕಳಿಸಿ "ಇನ್ನೂ ಬೇಕು, ತೆರೆ" ಅನ್ನುತ್ತಲೇ ಇರುತ್ತದೆ. ಈ ಕೂಗೇ ಗೆಲ್ಲುತ್ತದೆ. ಹೆಪ್ಸಿಡಿನ್ ತಗ್ಗಿ, ಕರುಳು ವರ್ಷಗಟ್ಟಲೆ ಬೇಡದ ಐರನ್ ಹೀರುತ್ತದೆ. ದೇಹಕ್ಕೆ ಹೆಚ್ಚಾದ ಐರನ್ನನ್ನು ಹೊರಹಾಕುವ ದಾರಿಯೇ ಇಲ್ಲ, ಉದುರುವ ಜೀವಕೋಶಗಳ ಜೊತೆ ದಿನಕ್ಕೆ ಒಂದೆರಡು ಮಿಲಿಗ್ರಾಂ ಹೋಗುತ್ತದೆ ಅಷ್ಟೇ. ತಮ್ಮನಿಗೆ ಐರನ್ ಮಾತ್ರೆ ಯಾರೂ ಕೊಡದಂತೆ ನೋಡಿಕೊಳ್ಳಿ. ಇಂಟರ್‌ಮೀಡಿಯಾದಲ್ಲಿ ಫೆರಿಟಿನ್ ತೋರಿಸುವುದಕ್ಕಿಂತ ಲಿವರ್‌ನಲ್ಲಿ ಜಾಸ್ತಿ ಇರಬಹುದು, ಎಂಆರ್‌ಐ ಅಳತೆ ಬಗ್ಗೆ ಕೇಳಿ.

ಲ್ಯಾಬ್_ಪ್ರಕಾಶ

ಒಂದು ವಿಷಯ ಒಪ್ಪಲು ಕಷ್ಟ ಮೇಡಂ. ಬರೀ ಒಂದು ಹಾರ್ಮೋನ್ ಜಾಸ್ತಿ ಆಯ್ತು ಅಂತ ರಕ್ತಹೀನತೆ ಬರುತ್ತಾ? ಸಂಧಿವಾತದಲ್ಲಿ ಮಜ್ಜೆಯೇ ಕುಗ್ಗುತ್ತೆ, ಕಿಡ್ನಿಯಿಂದ ಬರೋ ಎರಿತ್ರೋಪೊಯೆಟಿನ್ ಕಡಿಮೆ ಆಗುತ್ತೆ ಅಂತ ನಾವು ಓದಿದ್ದು.

ಡಾ_ವಸುಧಾ

ಅವೂ ನಿಜ, ಉರಿಯೂತದ ರಕ್ತಹೀನತೆಯಲ್ಲಿ ಅವುಗಳ ಪಾಲೂ ಇದೆ. ಆದರೆ ಹೆಪ್ಸಿಡಿನ್ ಒಂದೇ ಸಾಕು ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಗ್ಲೈಕೋಜೆನ್ ಕೂಡಿಕೊಳ್ಳುವ ಒಂದು ಹುಟ್ಟುಕಾಯಿಲೆ ಇದೆ, ಅದರಲ್ಲಿ ಕೆಲವರಿಗೆ ಲಿವರ್‌ನಲ್ಲಿ ಅಡೆನೋಮ ಎಂಬ ಗಡ್ಡೆ ಬೆಳೆಯುತ್ತದೆ. ಅಂಥ ಕೆಲವರಲ್ಲಿ ತೀವ್ರ ರಕ್ತಹೀನತೆ. ಐರನ್ ಮಾತ್ರೆಗೆ ಜಗ್ಗಲಿಲ್ಲ, ಡ್ರಿಪ್‌ಗೆ ಅರೆಬರೆ. ಗಡ್ಡೆ ತೆಗೆದ ಮೇಲೆ ರಕ್ತಹೀನತೆ ತಾನಾಗಿ ವಾಸಿಯಾಯಿತು. ಗಡ್ಡೆಯನ್ನು ಪರೀಕ್ಷಿಸಿದರೆ ಅದು ಹೆಪ್ಸಿಡಿನ್ ಮಾಡುತ್ತಿತ್ತು. ಬಾಸ್ಟನ್‌ನ ವೈದ್ಯರು ಇದನ್ನು 2002ರಲ್ಲಿ ಪ್ರಕಟಿಸಿದರು. ಬಾಗಿಲಿನ ವಿಷಯ ಗೊತ್ತಾಗುವುದಕ್ಕೆ ಎರಡು ವರ್ಷ ಮೊದಲೇ! ನನಗೆ ಇವತ್ತಿಗೂ ಇದರಷ್ಟು ಸ್ಪಷ್ಟವಾದ ಪುರಾವೆ ಇನ್ನೊಂದು ಕಂಡಿಲ್ಲ.

ಶ್ರುತಿ_ತಿಪಟೂರು

ಹಾಗಾದರೆ ಅಮ್ಮನಿಗೆ ಹೆಪ್ಸಿಡಿನ್ ಟೆಸ್ಟ್ ಮಾಡಿಸಲಾ?

ಡಾ_ವಸುಧಾ

ಬೇಡ. ಅದು ಇನ್ನೂ ಮಾಮೂಲಿ ಟೆಸ್ಟ್ ಆಗಿಲ್ಲ, ಒಂದೊಂದು ವಿಧಾನದಲ್ಲಿ ಒಂದೊಂದು ಅಂಕಿ ಬರುತ್ತದೆ. ಅದಕ್ಕಿಂತ ನನಗೆ ಚಿಂತೆ ಆಗಿರುವುದು ಡೈಕ್ಲೋಫೆನಾಕ್.

ಫೆರಿಟಿನ್ 30ರಿಂದ 100ರ ನಡುವೆ ಇದ್ದು ಉರಿಯೂತವೂ ಇದ್ದರೆ ಎರಡೂ ಒಟ್ಟಿಗೆ ಇರಬಹುದು, ಬಾಗಿಲೂ ಮುಚ್ಚಿದೆ, ದಾಸ್ತಾನೂ ಸೋರಿದೆ. ಬರೀ ಉರಿಯೂತವಾದರೆ ಟಿಐಬಿಸಿ ಇನ್ನೂ ಇಳಿಯಬೇಕಿತ್ತು. ಎಂಸಿವಿಯೂ ಇಷ್ಟು ಇಳಿಯುವುದು ಅಪರೂಪ. ದಿನಾ ನೋವಿನ ಮಾತ್ರೆ ನುಂಗುವವರ ಹೊಟ್ಟೆಯಲ್ಲಿ ಹುಣ್ಣಾಗಿ ಹನಿಹನಿ ರಕ್ತ ಹೋಗುತ್ತಿರಬಹುದು. ಹಿಮೋಗ್ಲೋಬಿನ್ 9 ಇರುವ ರಕ್ತದ ಒಂದು ಎಂಎಲ್‌ನಲ್ಲಿ ಸುಮಾರು 0.3 ಮಿಲಿಗ್ರಾಂ ಐರನ್. ದಿನಕ್ಕೆ 10 ಎಂಎಲ್ ಹೋದರೆ 3 ಮಿಲಿಗ್ರಾಂ ಹೋಯಿತು, ಊಟದಿಂದ ಬರುವುದಕ್ಕಿಂತ ಜಾಸ್ತಿ. ಅಷ್ಟು ಹೋದರೂ ಕಣ್ಣಿಗೆ ಕಾಣುವುದಿಲ್ಲ. ಐರನ್ ಮಾತ್ರೆಯಿಂದ ಮಲ ಹೇಗೂ ಕಪ್ಪಗಿರುತ್ತದೆ, ಹಾಗಾಗಿ ಇನ್ನೂ ಗೊತ್ತಾಗುವುದಿಲ್ಲ.

ಡಾಕ್ಟರ್ ಹತ್ತಿರ ಎಂಡೋಸ್ಕೋಪಿ ಬಗ್ಗೆ ಕೇಳಿ. ಮಲದಲ್ಲಿ ರಕ್ತ ಹುಡುಕುವ ಈಗಿನ ಎಫ್‌ಐಟಿ ಟೆಸ್ಟ್ ದೊಡ್ಡ ಕರುಳಿನ ರಕ್ತ ಹಿಡಿಯುತ್ತದೆ. ಹೊಟ್ಟೆಯಿಂದ ಬಂದದ್ದು ದಾರಿಯಲ್ಲೇ ಜೀರ್ಣವಾಗಿ ತಪ್ಪಿಹೋಗಬಹುದು. ಆ ಟೆಸ್ಟ್ ನೆಗೆಟಿವ್ ಬಂತೆಂದು ಸುಮ್ಮನಾಗಬೇಡಿ. ನೋವಿನ ಮಾತ್ರೆಗೆ ಬದಲಿ ಏನು, ಸಂಧಿವಾತದ ಮದ್ದು ಸಾಲುತ್ತಿದೆಯಾ, ಇವೂ ಕೇಳಲೇಬೇಕಾದವು. ಉರಿಯೂತ ಇಳಿಯದೆ ಐರನ್ ಸುರಿದು ಹೆಚ್ಚೇನೂ ಆಗದು.

ಸಂಗಮೇಶ_ಹುಬ್ಬಳ್ಳಿ

ನಾನು ಡಯಾಲಿಸಿಸ್ ಯೂನಿಟ್‌ನಾಗ ಕೆಲಸ ಮಾಡತೀನ್ರಿ. ಕೊನೆಯ ಮಾತಿಗೆ ಒಂದು ತಕರಾರು. ನಮ್ಮ ಪೇಷಂಟ್‌ಗಳ ಹೆಪ್ಸಿಡಿನ್ ಯಾವಾಗಲೂ ಜಾಸ್ತಿನೇ, ಕಿಡ್ನಿ ಅದನ್ನ ಹೊರಗೆ ಹಾಕೋದಿಲ್ಲ ನೋಡ್ರಿ. ಆದರೂ ಐರನ್ ಡ್ರಿಪ್ ಹಾಕಿದರೆ ಹಿಮೋಗ್ಲೋಬಿನ್ ಏರುತ್ತದೆ. ಫೆರಿಟಿನ್ 300, 400 ಇದ್ದವರಿಗೂ ಕೊಡುತ್ತೇವೆ. ಈ ಅಕ್ಕನ ತಾಯಿಗೆ ನೇರ ಡ್ರಿಪ್ ಹಾಕಿದರೆ ಕರುಳಿನ ಬಾಗಿಲಿನ ತಂಟೆಯೇ ಇರೋದಿಲ್ಲ.

ಡಾ_ವಸುಧಾ

ಕರುಳಿನ ಬಾಗಿಲು ತಪ್ಪುತ್ತದೆ ಸಂಗಮೇಶ್, ಮ್ಯಾಕ್ರೋಫೇಜ್‌ನದು ತಪ್ಪುವುದಿಲ್ಲ. ಡ್ರಿಪ್‌ನ ಐರನ್ ಸಕ್ಕರೆಯಂಥ ಕವಚದಲ್ಲಿರುತ್ತದೆ. ಅದನ್ನು ಮೊದಲು ನುಂಗುವುದು ಅದೇ ಮ್ಯಾಕ್ರೋಫೇಜ್. ಅಲ್ಲಿಂದ ಬರಬೇಕಾದರೆ ಮತ್ತೆ ಫೆರೋಪೋರ್ಟಿನ್ನೇ. ಬಾಗಿಲು ನೂರಕ್ಕೆ ನೂರು ಮುಚ್ಚಿರುವುದಿಲ್ಲ, ಡೋಸ್ ದೊಡ್ಡದು, ಹಾಗಾಗಿ ಸ್ವಲ್ಪ ಸ್ವಲ್ಪ ಹೊರಬರುತ್ತದೆ. ನಿಮ್ಮವರಿಗೆ ಎರಿತ್ರೋಪೊಯೆಟಿನ್ ಇಂಜೆಕ್ಷನ್ನೂ ಇರುತ್ತದೆ, ಅದು ಮಜ್ಜೆಯನ್ನು ಎಬ್ಬಿಸಿ ಹೆಪ್ಸಿಡಿನ್ ತಗ್ಗಿಸುತ್ತದೆ. ಇವರಿಗೆ ಅದಿಲ್ಲ.

ಸಂಗಮೇಶ_ಹುಬ್ಬಳ್ಳಿ

ಒಪ್ಪಿದೆ ಮೇಡಂ. ಆದರೂ ದಾಸ್ತಾನು ಸೋರಿದೆ ಅಂತ ನೀವೇ ಹೇಳ್ತೀರಿ. ಹಂಗಿದ್ದರೆ ಉರಿಯೂತ ಇಳಿಯೋತನಕ ಏದುಸಿರು ಬಿಡುತ್ತಾ ಕೂಡಬೇಕೇನ್ರಿ? ಎರಡೂ ಒಟ್ಟಿಗೆ ನಡೀಲಿ ಅನ್ನೋದು ನನ್ನ ಮಾತು.

ಡಾ_ವಸುಧಾ

ಎಂಡೋಸ್ಕೋಪಿ ಆದಮೇಲೆ ಅವರ ಡಾಕ್ಟರ್ ಹಾಗೆ ನಿರ್ಧರಿಸಿದರೆ ನಾನು ಬೇಡ ಎನ್ನುವುದಿಲ್ಲ. ಸೋಂಕು ಇಲ್ಲವೆಂದು ನೋಡಿಕೊಂಡು ಕೊಡಬೇಕು ಅಷ್ಟೇ.

ಶ್ರುತಿ_ತಿಪಟೂರು

ಬಹಳ ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಕೆಳಭಾಗದಲ್ಲಿ ತರಚು ಹುಣ್ಣುಗಳು ಕಂಡವು, ಒಂದೆರಡು ಕಡೆ ರಕ್ತದ ಕಲೆ ಇತ್ತು. ಡೈಕ್ಲೋಫೆನಾಕ್ ನಿಲ್ಲಿಸಿ ಹೊಟ್ಟೆಯ ಆಸಿಡ್ ತಗ್ಗಿಸುವ ಮಾತ್ರೆ ಕೊಟ್ಟರು. ಮೆಥೊಟ್ರೆಕ್ಸೇಟ್ ಡೋಸ್ ಏರಿಸಿದರು. ಐರನ್ ಡ್ರಿಪ್ ಒಂದು ಸಲ ಹಾಕಿದರು. ಈಗ ಸಿಆರ್‌ಪಿ 13, ಹಿಮೋಗ್ಲೋಬಿನ್ 10.4. ಬೆಳಿಗ್ಗೆ ಬೆರಳು ಬೇಗ ಮಡಚುತ್ತಾರೆ, ಮೊನ್ನೆ ತಾವೇ ರೊಟ್ಟಿ ತಟ್ಟಿದರು.

ಫೆರಿಟಿನ್ ಮಾತ್ರ 310 ಆಗಿದೆ! ಜಾಸ್ತಿ ಆಗಿಬಿಟ್ಟಿತಾ ಅಂತ ಭಯ.

ಸಂಗಮೇಶ_ಹುಬ್ಬಳ್ಳಿ

ಡ್ರಿಪ್ ಹಾಕಿದ ಮೇಲೆ ಫೆರಿಟಿನ್ ಏರೋದು ಸಹಜ ಅಕ್ಕಾ. ಕೆಲವು ವಾರ ಹಂಗೇ ಇರುತ್ತದೆ, ಭಯ ಬೇಡ. ಡ್ರಿಪ್‌ನಿಂದಲೇ ಏರಿತು ನೋಡ್ರಿ ಹಿಮೋಗ್ಲೋಬಿನ್.

ಲ್ಯಾಬ್_ಪ್ರಕಾಶ

ಅಥವಾ ಸಿಆರ್‌ಪಿ ಇಳಿದದ್ದಕ್ಕೆ. ಅಥವಾ ರಕ್ತ ಸೋರೋದು ನಿಂತದ್ದಕ್ಕೆ. ಮೂರೂ ಒಟ್ಟಿಗೆ ಆಗಿದೆ, ಯಾವುದರಿಂದ ಅಂತ ಹೇಗೆ ಹೇಳ್ತೀರಿ?

ಡಾ_ವಸುಧಾ

ಹೇಳಲಾಗದು. ಮೂರರಲ್ಲಿ ಒಂದನ್ನೂ ತಡಮಾಡುವ ಹಾಗಿರಲಿಲ್ಲ. ಶ್ರುತಿ, ಫೆರಿಟಿನ್ ಈಗ ನೋಡಬೇಡಿ. ಡ್ರಿಪ್ ಹಾಕಿ ಎರಡು ಮೂರು ತಿಂಗಳಾದ ಮೇಲೆ ಐರನ್, ಟಿಐಬಿಸಿ, ಫೆರಿಟಿನ್, ಸಿಆರ್‌ಪಿ ಒಂದೇ ದಿನ ಬೆಳಿಗ್ಗೆ ಮಾಡಿಸಿ. ಐರನ್ ಟಿಐಬಿಸಿಯ ನೂರಕ್ಕೆ 20 ದಾಟಿ, ಸಿಆರ್‌ಪಿಯೂ ಕೆಳಗೇ ಇದ್ದರೆ ಐರನ್ ಮಜ್ಜೆಗೆ ತಲುಪುತ್ತಿದೆ ಎಂದರ್ಥ. ಸಿಆರ್‌ಪಿ ಕೆಳಗಿದ್ದೂ ಫೆರಿಟಿನ್ ತಿಂಗಳು ತಿಂಗಳು ಕುಸಿಯುತ್ತಾ ಹೋದರೆ ಎಲ್ಲೋ ಇನ್ನೂ ರಕ್ತ ಹೋಗುತ್ತಿದೆ. ಆಗ ದೊಡ್ಡ ಕರುಳನ್ನೂ ನೋಡಿಸಬೇಕು.

ನಯನಾ_ಕುಂದಾಪ್ರ

ದಿನ ಬಿಟ್ಟು ದಿನ ಶುರು ಮಾಡಿದ್ದೇನೆ ಮೇಡಂ, ಹೊಟ್ಟೆ ತಡೀತಿದೆ. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ ಅಂದರು. ಅದಿರುವ ತನಕ ಮಾತ್ರೆ ಬಿಡೋ ಹಾಗಿಲ್ವಾ?

ಡಾ_ವಸುಧಾ

ಸ್ರಾವ ಹತೋಟಿಗೆ ಬರುವ ತನಕ ಬಿಡಬೇಡಿ. ಬಂದ ಮೇಲೂ, ಹಿಮೋಗ್ಲೋಬಿನ್ 12 ದಾಟಿದರೂ, ಸುಮಾರು ಮೂರು ತಿಂಗಳು ಮುಂದುವರಿಸಿ. ಮೊದಲು ತುಂಬುವುದು ರಕ್ತ, ದಾಸ್ತಾನು ತುಂಬುವುದು ಆಮೇಲೆ.